ಆರು ಲ್ಯಾಬ್‌ಗಳ ಸರಾಸರಿಯನ್ನು ನಂಬಬೇಡಿ

ಸರ್, ನಾವು ಆರು ಲ್ಯಾಬ್ ಸೇರಿ ಎಫ್‌1 ನಿಖರತೆ ವರ್ಗದ ಒಂದೇ 1 ಕೆಜಿ ತೂಕದ ಬಟ್ಟನ್ನು ಸರದಿಯಲ್ಲಿ ಅಳೆಯುತ್ತೇವೆ. ಎಲ್ಲರ ಸರಾಸರಿಯನ್ನೇ ಸರಿಯಾದ ಬೆಲೆ ಅಂತ ಇಟ್ಟುಕೊಂಡರೆ ಸಾಕಲ್ವಾ?

ಸಾಕಾಗಲ್ಲ. ಈ ಪ್ರಶ್ನೆ ಬಂದಾಗಲೆಲ್ಲ ಸಿಟ್ಟು ಬರುತ್ತದೆ, ಯಾಕೆಂದರೆ ಲೆಕ್ಕ ಸುಲಭ ಅನ್ನೋದು ಬಿಟ್ಟರೆ ಇದಕ್ಕೆ ಬೇರೆ ಕಾರಣವೇ ಇಲ್ಲ. ಹೀಗೊಂದು ಸುತ್ತು ಅಂದುಕೊಳ್ಳಿ. 1 ಕೆಜಿಗಿಂತ ಎಷ್ಟು ಮಿಲಿಗ್ರಾಂ ಜಾಸ್ತಿ ಅಂತ ಲ್ಯಾಬ್‌ಗಳು ಕೊಟ್ಟ ಉತ್ತರ ಸರದಿಯಂತೆ 2.3, 1.8, 2.2, 1.9, 0.7, 0.9. ಸರಾಸರಿ ಸುಮಾರು 1.6. ಈಗ ರೆಫರೆನ್ಸ್ ಲ್ಯಾಬ್ ಅಳತೆ ನೋಡಿ: ಶುರುವಿನಲ್ಲಿ 2.1, ಮೂರು ಲ್ಯಾಬ್ ಆದ ಮೇಲೆ 2.0, ಕೊನೆಯಲ್ಲಿ 0.8. ಬಟ್ಟು ದಾರಿಯಲ್ಲಿ ಎಲ್ಲೋ ಪೆಟ್ಟು ತಿಂದು ಚೂರು ಲೋಹ ಕಳೆದುಕೊಂಡಿದೆ. ಸರಾಸರಿ ಹೇಳುವ 1.6 ಆ ಬಟ್ಟಿಗೆ ಬಹುಶಃ ಯಾವ ದಿನವೂ ಇರಲಿಲ್ಲ.

ಶುರುವಿನ ಅಳತೆಯೊಂದನ್ನೇ ನೆಚ್ಚಿಕೊಂಡರೂ ಕೆಡುತ್ತದೆ. ಲ್ಯಾಬ್‌ಗಳ ಅನಿಶ್ಚಿತತೆ 1.0, ರೆಫರೆನ್ಸಿನದು 0.5 ಮಿಲಿಗ್ರಾಂ ಇರಲಿ, ಎರಡೂ k = 2ಕ್ಕೆ. ಲ್ಯಾಬ್‌ಗೆ ಕೊಡುವ ಅಂಕ En, ಅದರ ಲೆಕ್ಕ ಹೀಗೆ:

```
En = (x_lab − x_ref) / √(U_lab² + U_ref²)
```

ಶುರುವಿನ 2.1ಕ್ಕೆ ಹೋಲಿಸಿದರೆ ಐದನೆಯ ಲ್ಯಾಬಿಗೆ −1.25, ಆರನೆಯದಕ್ಕೆ −1.07 ಬರುತ್ತದೆ. ಮೈನಸ್ ಗುರುತು ಬಿಟ್ಟು ನೋಡಿದರೆ 1 ದಾಟಿತು, ಅಂದರೆ ಇಬ್ಬರೂ ಫೇಲ್. ಕೊನೆಯ 0.8ಕ್ಕೆ ಹೋಲಿಸಿದರೆ ಇಬ್ಬರದೂ ಹೆಚ್ಚೂಕಮ್ಮಿ ಸೊನ್ನೆ! ಸರಿಯಾಗಿ ಅಳೆದವರಿಗೇ ಶಿಕ್ಷೆ.

ಹಾಗಾಗಿ ಬಟ್ಟು ನಡುವೆ ಒಮ್ಮೆ ರೆಫರೆನ್ಸ್ ಲ್ಯಾಬಿಗೆ ವಾಪಸ್ ಬರಲೇಬೇಕು. ನಾಲ್ಕನೆಯವರ 1.9 ನೋಡಿದರೆ ಪೆಟ್ಟು ಅವರ ನಂತರ ಬಿದ್ದಿದೆ ಅನ್ನಿಸುತ್ತದೆ, ಆದರೆ ಭಾಗವಹಿಸಿದವರ ಅಂಕಿಯಿಂದಲೇ ಅವರನ್ನು ಅಳೆಯುವ ಬೆಲೆ ಕಟ್ಟಬೇಡಿ. ಪೆಟ್ಟಿಗೆ ಬಿಚ್ಚಿದ ಕೂಡಲೇ ಪ್ರತಿ ಲ್ಯಾಬ್ ಬಟ್ಟಿನ ತಳ, ಅಂಚು, ಗುಂಡಿಯ ಫೋಟೋ ತೆಗೆದು ಕಳಿಸಲಿ. ಹೊಸ ಗೀರು ಯಾರ ಫೋಟೋದಲ್ಲಿ ಮೊದಲು ಕಂಡಿತೋ ಅಲ್ಲಿಂದ ಬೆಲೆ ಬದಲಿಸಿ. ಫೋಟೋದಲ್ಲೂ ಗೊತ್ತಾಗದಿದ್ದರೆ ಕೊನೆಯ ಮೂವರಿಗೆ ಅಂಕ ಕೊಡದೆ ಬಿಡಿ, ಬೇಕಿದ್ದರೆ ಬೇರೆ ಬಟ್ಟಿನಲ್ಲಿ ಮತ್ತೆ ಮಾಡಿಸಿ. ಜಗಳ ಆಗುತ್ತದೆ, ಆಗಲಿ.

ಅವರವರ ಫಲಿತಾಂಶ ಬಂದ ಹಾಗೆ ಗುಂಪಿನಲ್ಲಿ ಹಂಚಿಕೊಳ್ಳಬಹುದಾ?

ಬೇಡ. ಆಮೇಲೆ ಎಲ್ಲರ ಅಂಕಿಯೂ ಒಂದೇ ಥರ ಬರುತ್ತದೆ.

ಅನಿಶ್ಚಿತತೆ 3 ಮಿಲಿಗ್ರಾಂ ಅಂತ ಬರೆದರೆ ಯಾರೂ ಫೇಲ್ ಆಗಲ್ಲ ಅಂತ ಒಬ್ಬ ಕನ್ಸಲ್ಟೆಂಟ್ ಹೇಳಿದರು. ಹೌದಾ?

ಪಾಸ್ ಆಗ್ತೀರಿ ನಿಜ. ಆದರೆ 1 ಕೆಜಿ ಎಫ್‌1 ಬಟ್ಟಿಗೆ ತೂಕದ ಬಟ್ಟುಗಳ ಅಂತರರಾಷ್ಟ್ರೀಯ ಶಿಫಾರಸು ಓಐಎಂಎಲ್ ಆರ್ 111 ಕೊಡುವ ದೋಷದ ಮಿತಿ 5 ಮಿಲಿಗ್ರಾಂ, ಅನಿಶ್ಚಿತತೆ ಅದರ ಮೂರನೇ ಒಂದು ಭಾಗ ಮೀರುವಂತಿಲ್ಲ. ನಿಮ್ಮದು ನಿಜಕ್ಕೂ 3 ಆಗಿದ್ದರೆ ಈ ವರ್ಗದ ಬಟ್ಟು ಕ್ಯಾಲಿಬ್ರೇಟ್ ಮಾಡುವ ಹಕ್ಕೇ ನಿಮಗಿಲ್ಲ. ಅಲ್ಲ ಅಂದರೆ ಸುಳ್ಳು ಬರೆದಿದ್ದೀರಿ. ಆ ಕನ್ಸಲ್ಟೆಂಟ್‌ಗೆ ಕೊಟ್ಟ ದುಡ್ಡು ವಾಪಸ್ ಕೇಳಿ.