ರಜೆ ಅರ್ಜಿಗೆ ಉತ್ತರವಿಲ್ಲ, ಕಾಶಿಗೆ ಟಿಕೆಟ್ ಆಗಿದೆ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಸವಿತಾ ಹುಬ್ಬಳ್ಳಿಯ ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದಾರೆ. ಅಪ್ಪ-ಅವ್ವನನ್ನು ಕಾಶಿಗೆ ಕರೆದುಕೊಂಡು ಹೋಗಲು ಫೆಬ್ರವರಿ 17ರಿಂದ 21ರವರೆಗೆ ರಜೆ ಬೇಕೆಂದು ಜನವರಿ 12ರಂದು ಕಂಪನಿಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದರು. ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲೇ ಶುರುವಾಗುವುದರಿಂದ ಟಿಕೆಟ್ ಅದಕ್ಕೂ ಮುಂಚೆ ಆಗಿತ್ತು. ನನ್ನಲ್ಲಿಗೆ ಬಂದಾಗ ಜನವರಿ 27. ಪೋರ್ಟಲ್‌ನಲ್ಲಿ ಇನ್ನೂ ‘ಪೆಂಡಿಂಗ್’.

“ಕೇಳಿದ್ರ ಸಾಹೇಬ್ರು ಸಿಟ್ಟಿಗೇಳ್ತಾರೇನೋ ಅಂತ ಅಂಜಿಕಿ ಬರ್ತದ್ರಿ ಮೇಡಂ. ಕೇಳದ ಇದ್ರ ಅವ್ವ ದಿನಾ ರಾತ್ರಿ ಕೇಳ್ತಾಳ, ರಜಾ ಸಿಕ್ಕಿತೇನ ಅಂತ. ನಿದ್ದಿನ ಇಲ್ಲ.”

ಎರಡು ಸಲ ಮ್ಯಾನೇಜರ್ ಕ್ಯಾಬಿನ್ ಬಾಗಿಲವರೆಗೆ ಹೋಗಿ ಬೇರೆ ಫೈಲ್ ಕೊಟ್ಟು ವಾಪಸ್ ಬಂದಿದ್ದರಂತೆ. ಮೊಬೈಲ್‌ನಲ್ಲಿ ಬರೆದು ಕಳಿಸದೇ ಇಟ್ಟಿದ್ದ ಸಂದೇಶ ತೋರಿಸಿದರು:

“ಸರ್, ತೊಂದರೆ ಕೊಡ್ತಿರೋದಕ್ಕೆ ದಯವಿಟ್ಟು ಕ್ಷಮಿಸಿ. ನೀವು ತುಂಬಾ ಬ್ಯುಸಿ ಇರ್ತೀರಿ ಅಂತ ಗೊತ್ತು. ರಜೆ ಬಗ್ಗೆ ಸ್ವಲ್ಪ ನೋಡಿ ಸರ್. ಟಿಕೆಟ್ ಎಲ್ಲಾ ಆಗಿಬಿಟ್ಟಿದೆ, ಅಪ್ಪ ಅವ್ವನಿಗೆ ವಯಸ್ಸಾಗಿದೆ, ಈಗ ಕ್ಯಾನ್ಸಲ್ ಮಾಡಿದರೆ ತುಂಬಾ ಬೇಜಾರಾಗುತ್ತೆ.”

ಇದರಲ್ಲಿ ಒರಟುತನ ಎಲ್ಲೂ ಇಲ್ಲ. ಆದರೆ ಓದಿದವರಿಗೆ ಯಾವ ತಾರೀಕಿನ ರಜೆ, ಯಾವಾಗ ಹೇಳಬೇಕು, ಏನು ಹೇಳಬೇಕು ಎಂಬುದೂ ಇಲ್ಲ. “ಟಿಕೆಟ್ ಆಗಿಬಿಟ್ಟಿದೆ” ಎಂಬ ಮಾತಂತೂ ತಿರುಗುಬಾಣವಾಗುವ ಸಂಭವವೇ ಹೆಚ್ಚು. ಮಂಜೂರಾಗುವ ಮೊದಲೇ ಖರ್ಚು ಮಾಡಿ ಈಗ ನನ್ನ ಮೇಲೆ ಹೊರೆ ಹಾಕುತ್ತಿದ್ದಾರೆ ಎಂದು ಅವರಿಗೆ ಅನಿಸಬಹುದು.

ಮೊದಲು ಒಂದು ಸಣ್ಣ ಸಂಗತಿ ಖಚಿತ ಮಾಡಿಕೊಳ್ಳಲು ಹೇಳಿದೆ: ಅರ್ಜಿ ಈಗ ಯಾರ ಹೆಸರಿನಲ್ಲಿ ನಿಂತಿದೆ? ವರ್ಗವಾಗಿ ಹೋದ ಹಳೆಯ ಮ್ಯಾನೇಜರ್ ಹೆಸರಿಗೇ ಅರ್ಜಿ ಹೋಗಿ ಕೂತಿರುವುದು ಅಪರೂಪವಲ್ಲ. ಅಂಥ ಕಡೆ ಎಷ್ಟು ವಿನಯದಿಂದ ಬರೆದರೂ ಈಗಿನವರ ಕಣ್ಣಿಗೆ ಅರ್ಜಿ ಬಿದ್ದಿರುವುದಿಲ್ಲ. ಸವಿತಾ ಅಲ್ಲೇ ಮೊಬೈಲ್‌ನಲ್ಲಿ ತೆಗೆದು ನೋಡಿದರು. ಸರಿಯಾದವರ ಬಳಿಯೇ ಇತ್ತು.

ಹಾಗಾದರೆ ಯಾಕೆ ಸುಮ್ಮನಿದ್ದಾರೆ? ಸವಿತಾ ಅವರ ಉತ್ತರ, “ನನ್ನ ಮ್ಯಾಲ ಸಿಟ್ಟಿರಬೇಕ್ರಿ.” ನಾನು ಕ್ಯಾಲೆಂಡರ್ ಮುಂದಿಟ್ಟು, ಆ ಐದು ದಿನದಲ್ಲಿ ನಿಮ್ಮ ಟೇಬಲ್ ಮೇಲೆ ಏನು ಕೆಲಸ ಇರುತ್ತದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ನೋಡಿ ಅವರೇ ಹೇಳಿದರು: 20ನೇ ತಾರೀಕು ಜಿಎಸ್‌ಟಿಆರ್-3ಬಿ, ಅಂದರೆ ಕಂಪನಿಯ ತಿಂಗಳ ಜಿಎಸ್‌ಟಿ ರಿಟರ್ನ್, ಸಲ್ಲಿಸುವ ಕೊನೆಯ ದಿನ. ತಡವಾದರೆ ಲೇಟ್ ಫೀ, ಬಡ್ಡಿ. ಆ ರಿಟರ್ನ್ ತಯಾರು ಮಾಡುವವರು ಸವಿತಾ ಒಬ್ಬರೇ.

ಮ್ಯಾನೇಜರ್ ಮನಸ್ಸಿನಲ್ಲಿ ಏನಿತ್ತೆಂದು ನಾವು ಊಹಿಸಬಹುದಷ್ಟೆ. ಆದರೆ ಈ ಊಹೆಗೆ ಕ್ಯಾಲೆಂಡರಿನ ಆಧಾರವಿತ್ತು. “ಸಿಟ್ಟಿರಬೇಕು” ಎಂಬುದಕ್ಕೆ ಯಾವ ಆಧಾರವೂ ಇರಲಿಲ್ಲ. ‘ಆಗಲ್ಲ’ ಎನ್ನಲು ಮನಸ್ಸಿಲ್ಲ, ‘ಆಯ್ತು’ ಎಂದರೆ 20ರ ಗತಿ ಏನು ಎಂಬ ಚಿಂತೆ. ಇಂಥ ಇಕ್ಕಟ್ಟಿನಲ್ಲಿ ಅರ್ಜಿಯನ್ನು ಹಾಗೇ ಬಿಡುವವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಆದ್ದರಿಂದ ನೆನಪೋಲೆಯಲ್ಲಿ ನಮ್ಮ ಕಷ್ಟ ಕಡಿಮೆ ಇದ್ದು, ಅವರ ಕಷ್ಟಕ್ಕೆ ದಾರಿ ಇರಬೇಕು. ಮಾರಾಟಗಾರರು ತೋರಿಸಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಪಟ್ಟಿ, ಜಿಎಸ್‌ಟಿಆರ್-2ಬಿ, 14ನೇ ತಾರೀಕು ಬರುತ್ತದೆ. ಅದನ್ನು ಖರೀದಿ ಬಿಲ್‌ಗಳ ಜೊತೆ ತಾಳೆ ನೋಡಿ 16ರ ಸಂಜೆಯೊಳಗೆ 3ಬಿ ಕರಡು ಮುಗಿಸಲು ಸಾಧ್ಯವೇ ಎಂದೆ. “ಎರಡು ದಿನ ತಡಾ ಕೂತ್ರ ಆಗ್ತದ್ರಿ” ಎಂದರು. ಆಮೇಲಿನ ಕೆಲಸಕ್ಕೆ ಪಕ್ಕದ ಟೇಬಲ್ಲಿನ ಸಹೋದ್ಯೋಗಿಯ ಒಪ್ಪಿಗೆಯನ್ನು ಮೊದಲೇ ಪಡೆದು ಆಮೇಲೆ ಅವರ ಹೆಸರು ಬರೆಯಿರಿ ಎಂದು ಹೇಳಿದೆ.

ಇನ್ನು ಗಡುವು. ಸವಿತಾ ತಲೆಯಲ್ಲಿ ಇದ್ದದ್ದು ಹೊರಡುವ ದಿನ, ಅಂದರೆ 17. ಆದರೆ ಕಾಶಿಯ ವಸತಿಯನ್ನು ಹಣ ಕಳೆದುಕೊಳ್ಳದೆ ರದ್ದು ಮಾಡಲು ಫೆಬ್ರವರಿ 5 ಕೊನೆ. ನಿಜವಾದ ಗಡುವು ಅದು. ಅದಕ್ಕೂ ಮೂರು ದಿನ ಹಿಂದೆ, ಫೆಬ್ರವರಿ 2ರೊಳಗೆ ಉತ್ತರ ಕೇಳಬೇಕು. ಆಗ ‘ಇಲ್ಲ’ ಎಂದರೂ ಏನಾದರೂ ಮಾಡಲು ಸಮಯ ಉಳಿಯುತ್ತದೆ. ಬರೇ “ಆದಷ್ಟು ಬೇಗ” ಎಂದು ಬರೆದರೆ ಓದುವವರಿಗೆ ಅದು ಯಾವ ದಿನವೂ ಅಲ್ಲ.

ಇಬ್ಬರೂ ಕೂತು ಬರೆದದ್ದು ಇದು. ವಿಷಯದ ಸಾಲಿನಲ್ಲಿ “ಫೆಬ್ರವರಿ 17–21ರ ರಜೆ ಅರ್ಜಿ: 2ರೊಳಗೆ ತಿಳಿಸಲು ಕೋರಿಕೆ” ಎಂದಿತ್ತು.

“ನಮಸ್ಕಾರ ಸರ್,

ಫೆಬ್ರವರಿ 17ರಿಂದ 21ರವರೆಗಿನ ರಜೆಗೆ ಜನವರಿ 12ರಂದು ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿದ್ದೆ. ಅದು ತಮ್ಮ ಅನುಮೋದನೆಗೆ ಬಾಕಿ ಇದೆ.

ಈ ದಿನಗಳಲ್ಲಿ 3ಬಿ ಸಲ್ಲಿಕೆ ಬರುತ್ತದೆ. 14ರಂದು 2ಬಿ ಬಂದ ಕೂಡಲೇ ತಾಳೆ ನೋಡಿ, 16ರ ಸಂಜೆಯೊಳಗೆ ಕರಡನ್ನು ತಮಗೆ ಒಪ್ಪಿಸುತ್ತೇನೆ. ಆಮೇಲಿನ ಕೆಲಸ ನೋಡಿಕೊಳ್ಳಲು ಮಂಜುನಾಥ್ ಒಪ್ಪಿದ್ದಾರೆ.

ಪ್ರಯಾಣದ ವ್ಯವಸ್ಥೆ ಖಚಿತಪಡಿಸಬೇಕಾಗಿರುವುದರಿಂದ ಫೆಬ್ರವರಿ 2ರೊಳಗೆ ತಮ್ಮ ನಿರ್ಧಾರ ತಿಳಿಸಿದರೆ ಅನುಕೂಲ. ತಾರೀಕು ಹೊಂದದಿದ್ದರೆ ಹೇಳಿ ಸರ್, ಬಂದು ಮಾತಾಡುತ್ತೇನೆ.

ಸವಿತಾ”

ಕೊನೆಯಲ್ಲಿ “ಉತ್ತರ ಬರದಿದ್ದರೆ ರಜೆ ಮಂಜೂರಾಗಿದೆ ಎಂದು ಭಾವಿಸುತ್ತೇನೆ” ಎಂದು ಸೇರಿಸಲೇ ಎಂದು ಕೇಳಿದರು, ಯಾರೋ ಗೆಳತಿ ಹೇಳಿಕೊಟ್ಟಿದ್ದರಂತೆ. ಖಂಡಿತ ಬೇಡ ಎಂದೆ. ಮೌನ ಮಂಜೂರಾತಿಯಲ್ಲ. ಅದನ್ನು ನಂಬಿ ಹೋದರೆ ಅನುಮತಿಯಿಲ್ಲದ ಗೈರುಹಾಜರಿ ಎಂದು ಬರೆದುಕೊಳ್ಳಬಹುದು, ಸಂಬಳವೂ ಹೋಗಬಹುದು. ಮೇಲಿನವರಿಗೆ ಅಥವಾ ಎಚ್‌ಆರ್‌ಗೆ ಪ್ರತಿ ಹಾಕುವುದೂ ಮೊದಲ ಸಲಕ್ಕೆ ಬೇಡ. ಅದು ದೂರಿನಂತೆ ಕಾಣುತ್ತದೆ.

ವಾಟ್ಸಾಪ್ ಬದಲು ಮೇಲ್ ಯಾಕೆ ಎಂದರೆ ದಾಖಲೆ ಉಳಿಯುತ್ತದೆ, ರಾತ್ರಿ ಮನೆಯಲ್ಲಿರುವವರನ್ನು ಕೆಣಕಿದಂತೆಯೂ ಆಗುವುದಿಲ್ಲ. ಬೆಳಿಗ್ಗೆ ಕಳಿಸಿ, ಎರಡು ಕೆಲಸದ ದಿನ ಬಿಟ್ಟು ಉತ್ತರ ಬರದಿದ್ದರೆ ಮಾತ್ರ ಕ್ಯಾಬಿನ್‌ಗೆ ಹೋಗಿ, “ಸರ್, ರಜೆ ಬಗ್ಗೆ ಮೇಲ್ ಹಾಕಿದ್ದೆ, ಎರಡು ನಿಮಿಷ ಮಾತಾಡಬಹುದಾ?” ಎಂದಷ್ಟೇ ಕೇಳಬೇಕು. ಅಲ್ಲಿಗೂ 2ನೇ ತಾರೀಕು ದಾಟಿದರೆ, ಅವರಿಗೆ ತಿಳಿಸಿಯೇ ಎಚ್‌ಆರ್ ಬಳಿ ವಿಚಾರಿಸಬೇಕು. 5ರ ಮಧ್ಯಾಹ್ನದವರೆಗೂ ಏನೂ ತಿಳಿಯದಿದ್ದರೆ ವಸತಿ ರದ್ದು ಮಾಡುವುದೆಂದು ಮನೆಯಲ್ಲಿ ಈಗಲೇ ಹೇಳಿಡಿ ಎಂದೆ. ಸವಿತಾ ಅವರಿಗೆ ಇದು ನೋವಿನ ಮಾತಾಗಿತ್ತು. ಆದರೆ ಅವ್ವನ ದಿನದಿನದ ಪ್ರಶ್ನೆಗೆ “5ನೇ ತಾರೀಕು ತಿಳಿತದ ಅವ್ವಾ” ಎಂಬ ಉತ್ತರವಾದರೂ ಸಿಕ್ಕಿತು, ಅಂದು ರಾತ್ರಿ ನಿದ್ದೆಯೂ ಬಂತಂತೆ.

ಮೇಲ್ ಕಳಿಸಿದ ಮರುದಿನ ಮ್ಯಾನೇಜರ್ ಅವರೇ ಕರೆದರು. 20ನ್ನೇ ಯೋಚಿಸಿ ತಡ ಮಾಡಿದ್ದಾಗಿ ಹೇಳಿ, ಕರಡು 16ರ ಬದಲು 15ಕ್ಕೆ ಬೇಕೆಂದರು. ಸವಿತಾ ಒಪ್ಪಿದರು. “ಹೋಗ್ಬನ್ನಿ” ಎಂದು ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದರು.

ಫೋನ್ ಮಾಡಿ ಖುಷಿಯಿಂದ ಇದನ್ನು ತಿಳಿಸಿದಾಗ, ಪೋರ್ಟಲ್‌ನಲ್ಲಿ ಏನಿದೆ ಎಂದು ಕೇಳಿದೆ. ಇನ್ನೂ ‘ಪೆಂಡಿಂಗ್’ ಇತ್ತು. ಸಂಬಳದ ಲೆಕ್ಕ ಪೋರ್ಟಲ್ ನೋಡುತ್ತದೆ, ಬಾಯಿಮಾತನ್ನಲ್ಲ. ಆದ್ದರಿಂದ ಅದೇ ಮೇಲ್‌ಗೆ ಇನ್ನೊಂದು ಸಾಲು ಬರೆಯಲು ಹೇಳಿದೆ: “ಧನ್ಯವಾದ ಸರ್. ಇಂದು ಮಾತಾಡಿದಂತೆ ಕರಡನ್ನು 15ಕ್ಕೆ ಕೊಡುತ್ತೇನೆ. ಬಿಡುವಾದಾಗ ಪೋರ್ಟಲ್‌ನಲ್ಲಿಯೂ ಅನುಮೋದಿಸಬೇಕಾಗಿ ವಿನಂತಿ.” ಅಂದು ಸಂಜೆಗೇ ಅನುಮೋದನೆ ಆಯಿತು.