ಹೆಸರು ಮುಚ್ಚಿ ಓದಿ ನೋಡಿ

“ಮುಂದಿನ ತಿಂಗಳು ನನ್ನ ಗೆಳತಿಯ ಮದುವೆ. ಕಾರ್ಡಿನಲ್ಲಿ ಕೈಯಾರೆ ನಾಲ್ಕು ಸಾಲು ಬರೆದುಕೊಡುವ ಆಸೆ. ಬರೆದದ್ದು ಇದು: ‘ನವಜೀವನಕ್ಕೆ ಕಾಲಿಡುತ್ತಿರುವ ನವದಂಪತಿಗಳಿಗೆ ಹಾರ್ದಿಕ ಶುಭಾಶಯಗಳು. ಹಾಲು ಜೇನಿನಂತೆ ಬೆರೆತು ನೂರ್ಕಾಲ ಸುಖವಾಗಿ ಬಾಳಿ. ತಮ್ಮ ಬಾಳು ಬಂಗಾರವಾಗಲಿ.’ ಧಾರವಾಡದ ಹಾಸ್ಟೆಲಿನಲ್ಲಿ ನಾವು ಒಂದೇ ರೂಮಿನವರು. ಪರೀಕ್ಷೆ ಹತ್ತಿರ ಬಂದಾಗ ನನಗೆ ಮದ್ರಾಸ್ ಐ ಆಗಿತ್ತು. ರಾತ್ರಿ ಅವಳೇ ನೋಟ್ಸ್ ಓದಿ ಹೇಳುತ್ತಿದ್ದಳು. ನನಗೆ ನಿದ್ದೆ ಬಂದರೆ ಬೈಯದೆ ಅದೇ ಪುಟ ಮತ್ತೆ ಓದುತ್ತಿದ್ದಳು. ದಯವಿಟ್ಟು ತಿದ್ದಿಕೊಡಿ.”

ನೇರವಾಗಿ ಹೇಳುತ್ತೇನೆ. ನಿಮ್ಮ ಸಾಲುಗಳಲ್ಲಿ ತಪ್ಪಿಲ್ಲ, ಆದರೆ ನಿಮ್ಮ ಗೆಳತಿಯೂ ಇಲ್ಲ. ಹೆಸರಿನ ಮೇಲೆ ಬೆರಳಿಟ್ಟು ಓದಿ ನೋಡಿ. ಇದನ್ನೇ ಆಫೀಸಿನವರಿಗೂ ಕೊಡಬಹುದು, ಪಕ್ಕದ ಮನೆಯ ಹುಡುಗನಿಗೂ ಕೊಡಬಹುದು. ಹಾಲು ಜೇನು, ನೂರ್ಕಾಲ ಅನ್ನುವ ಮಾತು ಕೆಟ್ಟದ್ದೇನಲ್ಲ. ಅಕ್ಷತೆ ಹಾಕುವ ಅಜ್ಜಿ ಹೇಳಿದರೆ ಅದಕ್ಕೆ ತೂಕ ಇರುತ್ತದೆ. ಆ ವಯಸ್ಸು, ತಲೆ ಸವರುವ ಆ ಕೈ ಅದರ ಜೊತೆಗಿರುತ್ತವೆ. ಒಂದೇ ರೂಮಿನಲ್ಲಿ ಮಲಗಿ ಎದ್ದ ಸಮವಯಸ್ಕರು ಅದನ್ನೇ ಕಾಗದದ ಮೇಲೆ ಬರೆದರೆ ಎರವಲು ಅನ್ನಿಸುತ್ತದೆ. ‘ತಮ್ಮ’ ಅಂತೂ ಬೇಡವೇ ಬೇಡ. ನೀವು ಅವಳನ್ನು ಎಂದಾದರೂ ‘ತಾವು’ ಅಂದಿದ್ದೀರಾ?

ನೀವು ಬರೆಯಬೇಕಾದ್ದು ನನಗೆ ಬರೆದ ಪತ್ರದಲ್ಲೇ ಇದೆ. ನೋಟ್ಸ್ ಓದಿದ್ದು ಒಳ್ಳೆಯ ವಿಷಯ. ಆದರೆ ನಿದ್ದೆ ಬಂದಾಗ ಅದೇ ಪುಟ ಮತ್ತೆ ಓದಿದ್ದು ಇದೆಯಲ್ಲ, ಅದು ಅವಳೊಬ್ಬಳದ್ದೇ. ಅವಳ ತಾಳ್ಮೆ ಎಂಥದ್ದು ಅಂತ ಆ ಒಂದು ಸಂಗತಿಯೇ ಹೇಳುತ್ತದೆ. ಅದರ ಮೇಲೆ ‘ಕರುಣಾಮಯಿ’, ‘ತ್ಯಾಗಮಯಿ’ ಅಂತ ಸೇರಿಸಬೇಡಿ. ಸೇರಿಸಿದರೆ ಕಾರ್ಡು ಸನ್ಮಾನ ಪತ್ರ ಆಗಿಬಿಡುತ್ತದೆ.

ಇಲ್ಲಿ ಒಂದು ಕಡೆ ಜಾರುವ ಸಾಧ್ಯತೆ ಇದೆ. ನೆನಪು ಬರೆಯಲು ಕೂತರೆ ಅದು ಬೆಳೆಯುತ್ತಾ ಹೋಗುತ್ತದೆ. ಕಣ್ಣು ಎಷ್ಟು ಉರಿಯಿತು, ಮನೆಯವರು ಎಷ್ಟು ಗಾಬರಿಯಾದರು, ಕೊನೆಗೆ ಮಾರ್ಕ್ಸ್ ಎಷ್ಟು ಬಂತು ಅಂತ. ಅಷ್ಟು ಹೊತ್ತಿಗೆ ಕಾರ್ಡಿನ ತುಂಬ ನೀವೇ ಇರುತ್ತೀರಿ. ಗುರುತು ಹಿಡಿಯಲು ಸುಲಭ. ಬರೆದಾದ ಮೇಲೆ ‘ನಾನು’, ‘ನನಗೆ’ ಜಾಸ್ತಿ ಇದೆಯೋ, ‘ನೀನು’, ‘ನಿನ್ನ’ ಜಾಸ್ತಿ ಇದೆಯೋ ನೋಡಿ. ನೆನಪಿಗೆ ಎರಡೇ ವಾಕ್ಯ ಸಾಕು.

ಇನ್ನು ಹಾರೈಕೆ. ಹೆಚ್ಚಿನವರು ಎಡವುವುದು ಇಲ್ಲೇ. ನೆನಪನ್ನು ಚೆನ್ನಾಗಿ ಬರೆದು, ಕೊನೆಗೆ ಸುಮ್ನೆ ‘ಬಾಳು ಬಂಗಾರವಾಗಲಿ’ ಅಂತ ಅಂಟಿಸಿ ಮುಗಿಸುತ್ತಾರೆ. ಹಾರೈಕೆ ಆ ನೆನಪಿನಿಂದಲೇ ಹುಟ್ಟಬೇಕು. ಅವಳು ನಿಮಗೆ ಏನು ಕೊಟ್ಟಳೋ ಅದು ಅವಳಿಗೂ ಸಿಗಲಿ ಅಂತ ಕೇಳಿಕೊಳ್ಳಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

“ಕಣ್ಣು ಬಿಡಲಾಗದೆ ಮಲಗಿದ್ದವಳಿಗೆ ನೀನು ರಾತ್ರಿಯೆಲ್ಲ ನೋಟ್ಸ್ ಓದಿ ಹೇಳಿದೆ. ನಾನು ನಿದ್ದೆ ಹೋದರೆ ಬೈಯದೆ ಅದೇ ಪುಟ ಮತ್ತೆ ಓದಿದೆ. ನಿನಗೆ ಕೈಲಾಗದ ದಿನ ಹಾಗೇ ಪಕ್ಕದಲ್ಲಿ ಕೂರುವವರು ನಿನ್ನ ಮನೆಯಲ್ಲಿರಲಿ. ಒಬ್ಬರು ಸೋತಾಗ ಇನ್ನೊಬ್ಬರು ಓದಿ ಹೇಳುತ್ತಾ, ಇಬ್ಬರೂ ಚೆನ್ನಾಗಿರಿ.”

‘ನೀನು’ ಅಂತ ಶುರುವಾದದ್ದು ಕೊನೆಯ ವಾಕ್ಯದಲ್ಲಿ ‘ಇಬ್ಬರೂ’ ಆಗುತ್ತದೆ, ಗಮನಿಸಿ. ಕಾರ್ಡು ಗಂಡನ ಕೈಗೂ ಹೋಗುತ್ತದೆ. ಅವರ ಪರಿಚಯ ನಿಮಗಿಲ್ಲದಿದ್ದರೆ ಗುಣಗಾನ ಮಾಡಲು ಹೋಗಬೇಡಿ, ಅಷ್ಟು ಸೇರಿಸಿಕೊಂಡರೆ ಸಾಕು. ಅತ್ತೆಮನೆಯವರೂ ಓದಬಹುದು. ಹಾಸ್ಟೆಲಿನ ಗುಟ್ಟು, ಹಳೆಯ ತಮಾಷೆ ಏನಿದ್ದರೂ ಫೋನಿನಲ್ಲಿ ಇಟ್ಟುಕೊಳ್ಳಿ. ಅಚ್ಚು ಹಾಕಿದ ಕಾರ್ಡಿನಲ್ಲಿ ‘ಹಾರ್ದಿಕ ಶುಭಾಶಯಗಳು’ ಮೊದಲೇ ಇದ್ದರೆ ಕೈಯಲ್ಲಿ ಮತ್ತೆ ಬರೆಯುವ ಅಗತ್ಯ ಇಲ್ಲ. ಮೇಲೆ ಅವಳನ್ನು ನೀವು ಕರೆಯುವ ಹೆಸರು ಬರೆಯಿರಿ, ಮದುವೆ ಪತ್ರಿಕೆಯಲ್ಲಿರುವ ಹೆಸರು ಬೇಡ. ಕೆಳಗೆ ನಿಮ್ಮದೂ ಹಾಗೇ.

ಬರೆಯುವ ಮುಂಚೆ ಕಾರ್ಡಿನಷ್ಟೇ ಅಗಲದ ರಫ್ ಹಾಳೆಯಲ್ಲಿ ಒಮ್ಮೆ ಬರೆದು ನೋಡಿ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ‘ನಿದ್ದೆ’ಯ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಓದಲು ಕಷ್ಟ. ಅದಕ್ಕೇ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿ, ಎಂಟು ಸಾಲಿನೊಳಗೆ ಮುಗಿಸಿ. ಹೊಳೆಯುವ ಕಾಗದದ ಮೇಲೆ ಜೆಲ್ ಪೆನ್ನಿನ ಶಾಯಿ ಬೇಗ ಒಣಗುವುದಿಲ್ಲ. ಮೊದಲು ಕಾರ್ಡಿನ ಹಿಂಬದಿಯ ಮೂಲೆಯಲ್ಲಿ ಒಂದು ಗೆರೆ ಎಳೆದು, ಸ್ವಲ್ಪ ಹೊತ್ತು ಬಿಟ್ಟು ಬೆರಳಾಡಿಸಿ. ಹರಡಿದರೆ ಬಾಲ್ ಪೆನ್ನೇ ವಾಸಿ. ಮತ್ತೆ, ಮುಯ್ಯಿಯ ಕವರಿನೊಳಗೆ ಇದನ್ನು ತುರುಕಬೇಡಿ. ಆ ಕವರುಗಳನ್ನು ದುಡ್ಡು ಎಣಿಸಿ ಹೆಸರು ಬರೆದುಕೊಳ್ಳುವವರು ತೆರೆಯುತ್ತಾರೆ. ಕಾರ್ಡನ್ನು ಬೇರೆಯಾಗಿ, ಅವಳ ಕೈಗೇ ಕೊಡಿ.