ಐದು ತಪ್ಪು ಜೇಬಿನಲ್ಲಿಟ್ಟುಕೊಂಡು ಹೋಗಿ

"ಅಕ್ಕಾ, ಶನಿವಾರ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಇದೆ. ಕೆನಡಾ ಪಿಆರ್‌ಗೆ, ಜನರಲ್ ಟ್ರೈನಿಂಗ್, ಕಂಪ್ಯೂಟರ್‌ನಲ್ಲಿ. ಕೆನಡಾದ ಭಾಷಾ ಮಟ್ಟದ ಲೆಕ್ಕದಲ್ಲಿ ಸಿಎಲ್‌ಬಿ 9 ಬೇಕು. ಮನೆಯಲ್ಲಿ ಅಭ್ಯಾಸ ಮಾಡುವಾಗ ಚೆನ್ನಾಗಿಯೇ ಬರುತ್ತೆ. ಆದರೆ ಒಂದು ಉತ್ತರ ತಪ್ಪಿಹೋದರೆ ಗಾಬರಿಯಾಗಿ ಮುಂದಿನದೆಲ್ಲ ಕೈಬಿಟ್ಟು ಹೋಗುತ್ತೆ. ಆ ದಿನ ಟೈಮ್ ಹೇಗೆ ಹಂಚಿಕೊಳ್ಳಲಿ? ಏನೇನು ತಗೊಂಡು ಹೋಗಲಿ?"

ತಗೊಂಡು ಹೋಗುವುದು ದೊಡ್ಡ ವಿಷಯವೇ ಅಲ್ಲ. ಬುಕ್ ಮಾಡುವಾಗ ಕೊಟ್ಟ ಅದೇ ಪಾಸ್‌ಪೋರ್ಟ್, ಲೇಬಲ್ ಕಿತ್ತ ನೀರಿನ ಬಾಟಲಿ, ಅಷ್ಟೇ. ವಾಚ್ ಒಳಗೆ ಬಿಡುವುದಿಲ್ಲ, ಸಮಯ ಪರದೆಯ ಮೇಲೇ ಕಾಣುತ್ತದೆ. ನೀರನ್ನು ಮಾತ್ರ ಹದವಾಗಿ ಕುಡಿಯಿರಿ. ಲಿಸನಿಂಗ್, ರೀಡಿಂಗ್, ರೈಟಿಂಗ್ ಮೂರೂ ವಿರಾಮವಿಲ್ಲದೆ ಎರಡೂವರೆ ಗಂಟೆಗಿಂತ ಹೆಚ್ಚು ಸಾಗುತ್ತವೆ. ನೀವು ಎದ್ದುಹೋದರೆ ಗಡಿಯಾರ ನಿಮಗಾಗಿ ಕಾಯುವುದಿಲ್ಲ.

ಈಗ ಗಾಬರಿಯ ಮಾತು. ಒಂದೂ ತಪ್ಪಬಾರದು ಅನ್ನುವ ಲೆಕ್ಕದಲ್ಲಿ ಕೂತರೆ ಮೊದಲ ತಪ್ಪಿಗೇ ಕೈ ನಡುಗುತ್ತದೆ. ಆದರೆ ಲೆಕ್ಕ ಹಾಗಿಲ್ಲ. ಸಿಎಲ್‌ಬಿ 9ಕ್ಕೆ ಲಿಸನಿಂಗ್‌ನಲ್ಲಿ 8 ಬ್ಯಾಂಡ್, ಉಳಿದ ಮೂರರಲ್ಲಿ 7 ಬೇಕು. ಲಿಸನಿಂಗ್‌ನಲ್ಲಿ 40ಕ್ಕೆ 35ರ ಆಸುಪಾಸು ಸರಿಯಿದ್ದರೆ 8 ಸಿಗುತ್ತದೆ, ಜನರಲ್ ರೀಡಿಂಗ್‌ನಲ್ಲಿ 34ರ ಆಸುಪಾಸಿಗೆ 7. ಪ್ರಶ್ನೆಪತ್ರಿಕೆಯಿಂದ ಪ್ರಶ್ನೆಪತ್ರಿಕೆಗೆ ಒಂದೆರಡು ಅಂಕ ಆಚೀಚೆ ಆಗಬಹುದು. ಅಂದರೆ ಅಲ್ಲಿ ಐದು, ಇಲ್ಲಿ ಆರು ತಪ್ಪು ನಿಮ್ಮ ಜೇಬಿನಲ್ಲೇ ಇವೆ. ಅವು ಖರ್ಚು ಮಾಡುವುದಕ್ಕೆ ಇರುವಂಥವು. ಒಂದೇ ಪ್ರಶ್ನೆಗೆ ಮೂರನ್ನು ಸುರಿಯಬಾರದು, ಅಷ್ಟೇ.

ಸುರಿದುಹೋಗುವುದು ಹೇಗೆ ಅಂತ ನೋಡಿ. ಲಿಸನಿಂಗ್‌ನ ನಾಲ್ಕನೇ ಭಾಗ ಒಬ್ಬರೇ ಮಾತಾಡುವ ಉಪನ್ಯಾಸ, 31ರಿಂದ 40ರವರೆಗಿನ ಪ್ರಶ್ನೆ, ನಡುವೆ ನಿಲುಗಡೆಯಿಲ್ಲ, ಆಡಿಯೊ ಕೇಳಿಸುವುದು ಒಂದೇ ಸಲ. 33ರಲ್ಲಿ ಯಾವುದೋ ವಸ್ತುವಿನ ಹೆಸರು ಬೇಕು, 34ರಲ್ಲಿ ಒಂದು ಇಸವಿ, 35ರಲ್ಲಿ ಒಂದು ಕಾರಣ ಅಂದುಕೊಳ್ಳಿ. ವಸ್ತುವಿನ ಹೆಸರು ಕಿವಿಗೆ ಬೀಳಲಿಲ್ಲ. ನೀವು "ಏನಂದ್ರು, ಏನಂದ್ರು" ಅಂತ ಹತ್ತು ಸೆಕೆಂಡು ಹಿಂದಕ್ಕೆ ತಡಕಾಡುತ್ತೀರಿ. ಅಷ್ಟರಲ್ಲಿ ಇಸವಿ ಹೇಳಿ ಆಯಿತು, ಕಾರಣವೂ ದಾಟಿತು. ತಪ್ಪಿದ್ದು ಒಂದು, ಹೋಗಿದ್ದು ಮೂರು.

ಇದಕ್ಕೆ ಮದ್ದು: ಕಣ್ಣು ಯಾವಾಗಲೂ ಎರಡು ಪ್ರಶ್ನೆಗಳ ಮೇಲಿರಲಿ, ಈಗಿನದರ ಮೇಲೂ ಅದರ ಮುಂದಿನದರ ಮೇಲೂ. ಉತ್ತರಗಳು ಪ್ರಶ್ನೆಯ ಕ್ರಮದಲ್ಲೇ ಬರುತ್ತವೆ. ಹಾಗಾಗಿ 33ಕ್ಕೆ ಕಾಯುತ್ತಿರುವಾಗ ಒಂದು ಇಸವಿ ಕೇಳಿಸಿತು ಅಂದರೆ 33 ಹೋಯಿತು ಅಂತಲೇ ಅರ್ಥ. ಆ ಇಸವಿಯನ್ನು 34ರಲ್ಲಿ ಟೈಪ್ ಮಾಡಿ, 35ಕ್ಕೆ ಕಿವಿ ಕೊಡಿ. ಭಾಗದ ಪ್ರಶ್ನೆ ಓದಲು ಮೊದಲೇ ಸ್ವಲ್ಪ ಸಮಯ ಕೊಡುತ್ತಾರಲ್ಲ, ಆಗಲೇ ಪ್ರತಿ ಖಾಲಿ ಜಾಗದಲ್ಲಿ ಬರಬೇಕಾದ್ದು ಅಂಕಿಯೋ, ಹೆಸರೋ, ಬಹುವಚನವೋ ಅಂತ ಊಹಿಸಿಡಿ. ಆ ಊಹೆ ಇಲ್ಲದಿದ್ದರೆ ಒಂದು ಪ್ರಶ್ನೆ ದಾಟಿತು ಅನ್ನುವುದೇ ತಿಳಿಯುವುದಿಲ್ಲ. ಒಂದು ಭಾಗ ಮುಗಿದ ಮೇಲೆ ಸಿಗುವ ಬಿಡುವಿನಲ್ಲೂ ಹಿಂದಿನದನ್ನು ಕೆದಕದೆ ಮುಂದಿನ ಭಾಗ ಓದಿ. ಬಿಟ್ಟ ಜಾಗಗಳಿಗೆ ಕೊನೆಯ ಎರಡು ನಿಮಿಷ ಇದೆ. ಪೇಪರ್ ಪರೀಕ್ಷೆಯವರಿಗೆ ಉತ್ತರ ಬರೆದುಕೊಳ್ಳಲು ಹತ್ತು ನಿಮಿಷ ಕೊಡುತ್ತಾರೆ, ನಿಮಗೆ ಆ ಹತ್ತು ಇಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಜಾಗವನ್ನೂ ಖಾಲಿ ಬಿಡಬೇಡಿ.

ರೀಡಿಂಗ್ ಶುರುವಾಗುವ ಮೊದಲು ಸೂಚನೆಗಳಿಗೆ ಒಂದಿಷ್ಟು ಹೊತ್ತು ಹೋಗುತ್ತದೆ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ, ಹೀಗೆ ಐದು ಸಲ. ಹೊರಹೋಗುವ ಉಸಿರು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ಲಿಸನಿಂಗ್‌ನಲ್ಲಿ ಎಷ್ಟು ಸರಿಯಾಯಿತು ಅಂತ ಎಣಿಸಲು ಮಾತ್ರ ಹೋಗಬೇಡಿ. ಆ ಪುಟ ಮತ್ತೆ ತೆರೆಯುವುದಿಲ್ಲ.

ರೀಡಿಂಗ್‌ನ 60 ನಿಮಿಷವನ್ನು ಮೂರು ಸಮಪಾಲು ಮಾಡುವವರು ಬಹಳ. ಜನರಲ್‌ನಲ್ಲಿ ಅದು ಸರಿಹೋಗುವುದಿಲ್ಲ. ಮೊದಲ ವಿಭಾಗ ಜಾಹೀರಾತು, ಸೂಚನಾಫಲಕದಂಥ ಚಿಕ್ಕ ಬರಹ, ಎರಡನೆಯದು ಕೆಲಸದ ಜಾಗದ್ದು, ಮೂರನೆಯದು ಒಂದೇ ಉದ್ದನೆಯ ಲೇಖನ, ಕಷ್ಟವೂ ಹೆಚ್ಚು. 15, 18, 25 ಅಂತ ಹಂಚಿ, ಕೊನೆಗೆ ಎರಡು ನಿಮಿಷ ಉಳಿಸಿಕೊಳ್ಳಿ. ಪರದೆಯಲ್ಲಿ 45 ನಿಮಿಷ ಉಳಿದಿದೆ ಅಂದರೆ ಎರಡನೇ ವಿಭಾಗದಲ್ಲಿರಬೇಕು, 27 ಉಳಿದಿದೆ ಅಂದರೆ ಮೂರನೆಯದರಲ್ಲಿ. ಈ ಎರಡೇ ಸಂಖ್ಯೆ ನೆನಪಿಟ್ಟುಕೊಳ್ಳಿ, ನಡುನಡುವೆ ಗಡಿಯಾರ ನೋಡುತ್ತಾ ಕೂರಬೇಡಿ. ಜನ ಸಿಕ್ಕಿಬೀಳುವುದು ಬಹುಪಾಲು ಹೇಳಿಕೆ ಸರಿಯೋ ತಪ್ಪೋ ಅಂತ ಕೇಳುವ ಪ್ರಶ್ನೆಯಲ್ಲಿ, 'ನಾಟ್ ಗಿವನ್' ಹತ್ತಿರ. ಇಲ್ಲದ ಮಾತಿಗಾಗಿ ಲೇಖನವನ್ನೆಲ್ಲ ಹುಡುಕುತ್ತಾರೆ. ಆ ವಿಷಯ ಬರುವ ಸಾಲು ಹುಡುಕಿ, ಅದರ ಹಿಂದು ಮುಂದಿನ ಸಾಲುಗಳನ್ನು ಎರಡು ಸಲ ಓದಿ. ಹೌದು ಅಂತಲೂ ಇಲ್ಲ, ವಿರುದ್ಧವೂ ಇಲ್ಲ ಅಂದರೆ 'ನಾಟ್ ಗಿವನ್' ಒತ್ತಿ, ಗುರುತು ಹಾಕಿ ಮುಂದೆ ಹೋಗಿ.

ಇನ್ನು ರೈಟಿಂಗ್, ಒಂದು ಪತ್ರ ಮತ್ತು ಒಂದು ಪ್ರಬಂಧಕ್ಕೆ ಒಟ್ಟು 60 ನಿಮಿಷ. ನನಗೆ ಈಗಲೂ ಮರುಕ ಹುಟ್ಟಿಸುವುದು ಇದೇ: ಪತ್ರಕ್ಕೆ ಅರ್ಧ ಗಂಟೆ ಕೊಡುವ ತಪ್ಪು. ಪತ್ರ ಸಲೀಸಾಗಿ ಬರುತ್ತದೆ, ಬರೆಯಲು ಖುಷಿ, ಇನ್ನೊಂದು ಸಾಲು ಸೇರಿಸೋಣ ಅನಿಸುತ್ತದೆ. ಆ ಖುಷಿಯೇ ಮೋಸ. ಪತ್ರಕ್ಕೆ ಬೇಕಾದ್ದು 150 ಪದ, ಪ್ರಬಂಧಕ್ಕೆ 250, ಮತ್ತು ಪ್ರಬಂಧದ ತೂಕ ಪತ್ರದ ಎರಡರಷ್ಟು. ಪತ್ರದಲ್ಲಿ 220 ಪದ ಬರೆದರೆ ಅದಕ್ಕೆಂದೇ ಹೆಚ್ಚು ಅಂಕವಿಲ್ಲ, ಆದರೆ ಪ್ರಬಂಧ ಮುಗಿತಾಯವಿಲ್ಲದೆ ನಿಂತರೆ ಪೆಟ್ಟು ಬೀಳುತ್ತದೆ.

ಪತ್ರದ ಪ್ರಶ್ನೆಯಲ್ಲಿ ಮೂರು ಅಂಶ ಕೊಟ್ಟಿರುತ್ತಾರೆ. ಮೊದಲು ಆ ಮೂರಕ್ಕೂ ಒಂದೊಂದು ಸಾಲು ಟೈಪ್ ಮಾಡಿಬಿಡಿ, ಸಂಬೋಧನೆ ಮತ್ತು ಕೊನೆಯ ವಂದನೆಯನ್ನೂ ಹಾಕಿ, ಆಮೇಲೆ ಒಳಗೆ ತುಂಬುತ್ತಾ ಹೋಗಿ. ಹೀಗಿದ್ದರೆ ಪರದೆಯಲ್ಲಿ 40 ನಿಮಿಷ ಕಂಡಾಗ ಎಲ್ಲಿ ನಿಲ್ಲಿಸಿದರೂ ಪತ್ರ ಪೂರ್ತಿ ಪತ್ರವೇ ಆಗಿರುತ್ತದೆ. ಪದಗಳ ಲೆಕ್ಕ ಕೆಳಗೆ ಕಾಣುತ್ತದೆ, 170ರ ಹತ್ತಿರ ಸಾಕು. ಪ್ರಬಂಧಕ್ಕೆ ಐದು ನಿಮಿಷ ಯೋಚನೆ, ಮೂವತ್ತು ನಿಮಿಷ ಬರವಣಿಗೆ, ಕೊನೆಯ ಐದರಲ್ಲಿ ತಿದ್ದುವುದು. ಆ ಹೊತ್ತಿಗೆ ತಲೆ ಬಳಲಿರುತ್ತದೆ, ಆಗ ಹೊಸ ವಾಕ್ಯ ಕಟ್ಟಲು ಹೋಗಬೇಡಿ. ಏಕವಚನ ಬಹುವಚನ, ಕ್ರಿಯಾಪದದ ಕಾಲ, ಬಿಟ್ಟುಹೋದ 'the', ಇವಿಷ್ಟೇ ನೋಡಿ.

ಸ್ಪೀಕಿಂಗ್ ಅದೇ ದಿನವೇ ಇರಬೇಕೆಂದಿಲ್ಲ, ಬೇರೆ ದಿನವೂ ಇರಬಹುದು. ಇಡೀ ಮಾತುಕತೆ 11ರಿಂದ 14 ನಿಮಿಷ. ಎರಡನೇ ಭಾಗದಲ್ಲಿ ಸಿದ್ಧತೆಗೆ ಒಂದು ನಿಮಿಷ ಕೊಡುತ್ತಾರೆ. ಪೂರ್ತಿ ವಾಕ್ಯ ಬರೆಯಬೇಡಿ, ನಾಲ್ಕು ಪದ ಗೀಚಿಕೊಳ್ಳಿ. ಮಾತು ಒಂದೂವರೆ ನಿಮಿಷವಾದರೂ ನಡೆಯಲಿ, "ಅಷ್ಟೇ" ಅಂತ ನೀವಾಗಿ ನಿಲ್ಲಿಸಬೇಡಿ. ಎರಡು ನಿಮಿಷವಾದಾಗ ಪರೀಕ್ಷಕರು ನಡುವೆಯೇ ತಡೆಯುತ್ತಾರೆ. ಅದು ನಿಮ್ಮ ಉತ್ತರದ ಮೇಲಿನ ತೀರ್ಪಲ್ಲ, ಅವರ ಕೈಯಲ್ಲೂ ಗಡಿಯಾರ ಇರುತ್ತದೆ.